ಬೀಡಿನ ಬಾಣಲೆ ಪಳಗಿಸಲು ಓವನ್ನೋ, ಒಲೆಯೋ?

ದೋಸೆ ಕಾವಲಿಯಾದರೆ ಒಲೆಯೇ ಸಾಕು. ಅದು ಚಪ್ಪಟೆ, ಉರಿ ಎಲ್ಲ ಕಡೆ ತಾಗುತ್ತದೆ. ಬಾಣಲೆಯ ಕಥೆ ಬೇರೆ. ಒಲೆ ಮೇಲೆ ತಳ ಹೊಗೆಯಾಡುವಾಗಲೂ ಅಂಚು ಅಷ್ಟು ಕಾದಿರುವುದಿಲ್ಲ. ಅಲ್ಲಿ ಎಣ್ಣೆ ಗಟ್ಟಿ ಪದರವಾಗದೆ ಅಂಟಂಟಾಗಿ ಉಳಿಯುತ್ತದೆ, ಆಮೇಲೆ ತುಕ್ಕೂ ಅಲ್ಲಿಂದಲೇ ಶುರು.

ಹಾಗಾಗಿ ಬಾಣಲೆಗೆ ನನ್ನ ಓಟು ಓವನ್‌ಗೆ. ತೊಳೆದು, ಪೂರ್ತಿ ಒಣಗಿಸಿ, ಅರ್ಧ ಚಮಚ ಸೂರ್ಯಕಾಂತಿ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಗೂ ಸವರಿ. ಈಗ ಮುಖ್ಯ ಕೆಲಸ: ಒಣ ಬಟ್ಟೆಯಿಂದ ಆ ಎಣ್ಣೆಯನ್ನೆಲ್ಲ ಒರೆಸಿ ತೆಗೆಯಿರಿ. ಏನೂ ಉಳಿದಿಲ್ಲ ಅನ್ನಿಸಬೇಕು. ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಒಳಗೇ ಆರಲು ಬಿಡಿ. ಹೀಗೆ ಮೂರು ಸಲ. ಮುಟ್ಟಿದರೆ ಅಂಟುತ್ತದೆಯೇ? ಎಣ್ಣೆ ಜಾಸ್ತಿಯಾಗಿದೆ ಎಂದರ್ಥ. ಎಣ್ಣೆ ಹಾಕದೆ ಇನ್ನೊಂದು ಗಂಟೆ ಕಾಯಿಸಿ.

ಓವನ್ ಇಲ್ಲವೇ? ಸಣ್ಣ ಉರಿಯಲ್ಲಿ ಬಾಣಲೆಯನ್ನು ಓರೆ ಮಾಡಿ, ಅಂಚನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಕಾಯಿಸಿ. ಕಿಟಕಿ ತೆರೆದಿರಲಿ. ತಾಳ್ಮೆ ಬೇಕು, ಆದರೆ ಆಗುತ್ತದೆ.

ಎರಡರಲ್ಲೂ ಹುಳಿಗೆ ಈ ಪದರ ತಡೆಯುವುದಿಲ್ಲ. ಮೊದಲ ಕೆಲವು ವಾರ ಗೊಜ್ಜು ಬೇಡ, ಪಲ್ಯ, ಒಗ್ಗರಣೆ ಮಾಡಿ. ತೊಳೆದ ಕೂಡಲೇ ಒಲೆ ಮೇಲಿಟ್ಟು ನೀರಾರಿಸಿ, ಒಂದು ಹನಿ ಎಣ್ಣೆ ಸವರಿಡಿ.