ನೋಟ್ಸ್ ಮಾರಲು ವೂಕಾಮರ್ಸ್: ಅಂಗಡಿ ಒಳ್ಳೆಯದು, ಹಿತ್ತಿಲ ಬಾಗಿಲು ನೋಡಿಕೊಳ್ಳಿ

ವಿಜಯಪುರದಲ್ಲಿ ಕುಳಿತು ಟಿಇಟಿ ನೋಟ್ಸ್‌ಗಳ ಪಿಡಿಎಫ್ ಮಾರುವ ನನಗೆ, ವರ್ಡ್‌ಪ್ರೆಸ್ ತಾಣವನ್ನು ಆನ್‌ಲೈನ್ ಅಂಗಡಿಯಾಗಿಸುವ ಪ್ಲಗಿನ್ ವೂಕಾಮರ್ಸ್ ಕೊಟ್ಟ ದೊಡ್ಡ ಸುಖ, ಹಣ ಕಳಿಸಿದ ಸ್ಕ್ರೀನ್‌ಶಾಟ್‌ಗಳನ್ನು ನೋಡುವ ಕೆಲಸ ತಪ್ಪಿದ್ದು. ಅವುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಬ್ಯಾಂಕ್ ಖಾತೆಯೊಂದಿಗೆ ತಾಳೆ ನೋಡುವುದರಲ್ಲೇ ಸಂಜೆ ಕಳೆಯುತ್ತಿತ್ತು. ಈಗ ಪಾವತಿ ಖಚಿತವಾದ ಮೇಲಷ್ಟೇ ಡೌನ್‌ಲೋಡ್ ಕೊಂಡಿ ತಾನಾಗಿ ಹೋಗುತ್ತದೆ. ಊಟ ಮುಗಿಸಿ ಮೊಬೈಲ್ ತೆರೆದು, ಇಂಡಿಯವರೋ ಸಿಂದಗಿಯವರೋ ಕೊಂಡಿರುವ ಆರ್ಡರ್‌ಗಳನ್ನು ಒಂದೊಂದಾಗಿ ಓದುವುದು ನನ್ನ ಚಟವೇ ಆಗಿದೆ.

ಬೇಸರ ತಂದದ್ದು ಹೋಸ್ಟಿಂಗ್ ಕಂಪನಿ. ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್ ಅರ್ಧಕ್ಕೇ ನಿಲ್ಲುತ್ತಿದೆ ಎಂದು ದೂರಿದಾಗ, ಅವರ ಸಹಾಯವಾಣಿಯವರು ಡೌನ್‌ಲೋಡ್ ವಿಧಾನವನ್ನು Force downloads ಬದಲು Redirect only ಮಾಡಿಬಿಟ್ಟರು. ಮೊದಲಿನ ವಿಧಾನದಲ್ಲಿ ವೂಕಾಮರ್ಸ್ ಕಡತವನ್ನು ತಾನೇ ಓದಿ ಕೊಡುತ್ತದೆ, ಅದರ ನಿಜವಾದ ವಿಳಾಸ ಕೊಳ್ಳುವವರಿಗೆ ಕಾಣುವುದಿಲ್ಲ. ಎರಡನೆಯದರಲ್ಲಿ ಬ್ರೌಸರನ್ನು ನೇರವಾಗಿ ಆ ವಿಳಾಸಕ್ಕೇ ಕಳಿಸುತ್ತದೆ. ಕೆಲವೇ ದಿನಗಳಲ್ಲಿ ಆ ವಿಳಾಸ ಒಂದು ಟೆಲಿಗ್ರಾಂ ಗುಂಪಿನಲ್ಲಿತ್ತು.

ಹಳೆಯ ವಿಧಾನಕ್ಕೆ ಮರಳಿದರೂ ಆ ಕೊಂಡಿ ತೆರೆಯುತ್ತಲೇ ಇತ್ತು. ಕಾರಣ ಇಷ್ಟೇ: ಕಡತಗಳ ಫೋಲ್ಡರಿಗೆ ವೂಕಾಮರ್ಸ್ ಹಾಕುವ ಬೀಗ .htaccess ಕಡತದಲ್ಲಿರುತ್ತದೆ. ಅಪಾಚೆ ಸರ್ವರ್ ಅದನ್ನು ಓದುತ್ತದೆ, ಎಂಜಿನ್‌ಎಕ್ಸ್ ಓದುವುದೇ ಇಲ್ಲ. ನಮ್ಮದು ಎಂಜಿನ್‌ಎಕ್ಸ್. ಹಟ ಹಿಡಿದು ಸರ್ವರ್ ಸಂರಚನೆಯಲ್ಲಿ ಇದನ್ನು ಹಾಕಿಸಿದೆ:

```
location ^~ /wp-content/uploads/woocommerce_uploads/ {
    deny all;
}
```

ಪರೀಕ್ಷೆ ಸುಲಭ. ಲಾಗಿನ್ ಇಲ್ಲದ ಖಾಸಗಿ ಕಿಟಕಿಯಲ್ಲಿ ಪಿಡಿಎಫ್‌ನ ನೇರ ವಿಳಾಸ ಅಂಟಿಸಿ. 403 ಬಂದರೆ ಬೀಗ ಬಿದ್ದಿದೆ, ಪುಟಗಳು ತೆರೆದರೆ ಊರಿಗೆಲ್ಲ ಉಚಿತ. ಆದರೆ ಪಿಡಿಎಫ್ ಇದೇ ಫೋಲ್ಡರಿನಲ್ಲಿರಬೇಕು. ಮೀಡಿಯಾ ಲೈಬ್ರರಿಗೆ ಸಾಮಾನ್ಯ ಚಿತ್ರದಂತೆ ಏರಿಸಿದ ಕಡತಕ್ಕೆ ಈ ಬೀಗ ಅನ್ವಯಿಸುವುದಿಲ್ಲ.

ಅರ್ಧಕ್ಕೆ ನಿಲ್ಲುವ ತಾಪತ್ರಯಕ್ಕೆ ಮದ್ದು ಬೇರೆಯೇ ಇತ್ತು. ಸ್ಕ್ಯಾನ್ ಪುಟಗಳನ್ನು ಕಪ್ಪು–ಬಿಳುಪಿಗೆ ಇಳಿಸಿ, ವಿಷಯವಾರು ಸಣ್ಣ ಕಡತಗಳಾಗಿ ಒಡೆದೆ. ಹಳ್ಳಿಯ ನೆಟ್‌ವರ್ಕಿನಲ್ಲೂ ಈಗ ಇಳಿಯುತ್ತವೆ. ಡೌನ್‌ಲೋಡ್ ಮಿತಿಯನ್ನು ಮಾತ್ರ ಒಂದಕ್ಕೆ ಇಳಿಸಬೇಡಿ. ಸಿಗ್ನಲ್ ಹೋಗಿ ಮತ್ತೆ ಒತ್ತಿದ ಪಾಪದ ಹುಡುಗನೇ ಹೊರಗುಳಿಯುತ್ತಾನೆ. ನಾನು ಐದು ಇಟ್ಟಿದ್ದೇನೆ.

ಕೊಂಡವರು ಗೆಳೆಯರಿಗೆ ಹಂಚುವುದನ್ನು ಇದ್ಯಾವುದೂ ತಡೆಯುವುದಿಲ್ಲ. ಪಾಸ್‌ವರ್ಡ್ ಹಾಕಿದರೆ ಅದೂ ಜೊತೆಗೇ ಹೋಗುತ್ತದೆ. ಪ್ರತಿ ಪುಟದ ಅಡಿಯಲ್ಲಿ ಕೊಂಡವರ ಇಮೇಲ್ ಮತ್ತು ಆರ್ಡರ್ ಸಂಖ್ಯೆ ಅಚ್ಚಾಗುವಂತೆ ಬೇರೊಂದು ಪ್ಲಗಿನ್ ಹಾಕಿದ್ದೇನೆ. ಅದಕ್ಕೆ ದುಡ್ಡು ಕೊಡಬೇಕು, ಆದರೆ ಸೋರಿಕೆ ಯಾರಿಂದ ಶುರುವಾಯಿತು ಎಂದಾದರೂ ತಿಳಿಯುತ್ತದೆ.

ಹೋಸ್ಟಿಂಗ್ ಅವಧಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಕಂಪನಿ ಬದಲಿಸುತ್ತೇನೆ, ವೂಕಾಮರ್ಸ್ ಬದಲಿಸುವುದಿಲ್ಲ.