ತಪ್ಪು ದರಕ್ಕೆ ಶೇ. 99.4 ಅಂಕ: ಪಿಡಿಎಫ್ ಕೋಷ್ಟಕ ತೆಗೆಯುವವರಿಗೆ ಒಂದು ಎಚ್ಚರಿಕೆ

ಏಳು ತಿಂಗಳ ಕಾಲ ನಾವು ಮೂರು ಮಾರುಕಟ್ಟೆಗಳ ಅಡಿಕೆ ದರವನ್ನು ತಪ್ಪಾಗಿ ಪ್ರಕಟಿಸಿದೆವು. ಆ ಏಳು ತಿಂಗಳೂ ನಮ್ಮ ಟೆಸ್ಟ್ ಸೆಟ್ ಶೇ. 99.4 ನಿಖರತೆ ಎಂದೇ ತೋರಿಸುತ್ತಿತ್ತು. ಪಿಡಿಎಫ್‌ನಿಂದ ಕೋಷ್ಟಕ ತೆಗೆಯುವ ಕೆಲಸದಲ್ಲಿರುವವರು ಇದೇ ಹಳ್ಳಕ್ಕೆ ಬೀಳಬಾರದೆಂದು, ಎಲ್ಲಿ ಎಡವಿದೆವು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮದು ಮೂವರ ಸಣ್ಣ ತಂಡ. ಕೃಷಿ ಮಾರುಕಟ್ಟೆಗಳ ದೈನಂದಿನ ದರಪಟ್ಟಿಗಳನ್ನು ಪಿಡಿಎಫ್‌ನಿಂದ ತೆಗೆದು, ಬೆಳೆಗಾರರು ಹಿಂದಿನ ದಿನಗಳ ಜೊತೆ ಹೋಲಿಸಿ ನೋಡಲು ಅನುಕೂಲವಾಗುವಂತೆ ಜೋಡಿಸಿಡುತ್ತೇವೆ. ಒಂದು ಪುಟದಲ್ಲಿ ಸರಾಸರಿ 20 ಸಾಲು, 6 ಕಾಲಂ: ಮಾರುಕಟ್ಟೆ, ಬಗೆ (ರಾಶಿ, ಬೆಟ್ಟೆ, ಸರಕು, ಗೊರಬಲು ಇತ್ಯಾದಿ), ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ. ಮಾದರಿ ದರವೆಂದರೆ ಆ ದಿನ ಹೆಚ್ಚಿನ ಮಾಲು ಮಾರಾಟವಾದ ದರ. ಅದು ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆಯೇ ಇರಬೇಕು.

ಒಂದು ದಿನ ಸಾಗರದ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿ, "ಎಂತದು ಮಾರಾಯ್ರೆ, ಗರಿಷ್ಠಕ್ಕಿಂತ ಮಾದರಿ ದರವೇ ಹೆಚ್ಚು ಅಂತ ಹಾಕಿದ್ದೀರಿ, ಹಾಗೂ ಆಗುತ್ತದಾ?" ಎಂದು ಕೇಳಿದರು. ರಾಶಿಯ ಸಾಲಿನಲ್ಲಿ ಗರಿಷ್ಠ 46,000, ಮಾದರಿ 47,199 ಎಂದಿತ್ತು. ಮೂಲ ಪಿಡಿಎಫ್ ತೆರೆದಾಗ ಕಾರಣ ಕಣ್ಣೆದುರೇ ಇತ್ತು: ಬೇರೆ ಮಾರುಕಟ್ಟೆಗಳ ಪಟ್ಟಿಯಲ್ಲಿ ಮಾದರಿ ದರ ಕೊನೆಯ ಕಾಲಂ ಆಗಿದ್ದರೆ, ಈ ಮೂರು ಮಾರುಕಟ್ಟೆಗಳು ಅದನ್ನು ಗರಿಷ್ಠಕ್ಕಿಂತ ಮೊದಲು ಹಾಕುತ್ತಿದ್ದವು. ನಮ್ಮ ಸ್ಕ್ರಿಪ್ಟ್ ಕಾಲಂ ತಲೆಬರಹವನ್ನು ಓದದೆ, ಐದನೆಯದು ಗರಿಷ್ಠ, ಆರನೆಯದು ಮಾದರಿ ಎಂದು ಎಣಿಕೆಯ ಮೇಲೆ ಹೆಸರಿಡುತ್ತಿತ್ತು.

ಇದು ಸಾಮಾನ್ಯ ದೋಷ, ಯಾರಿಗೂ ಆಗಬಹುದು. ನನ್ನನ್ನು ಕಂಗೆಡಿಸಿದ್ದು ಬೇರೊಂದು ವಿಷಯ. ಇದೇ ದೋಷವನ್ನು ನಮ್ಮ ಸಹೋದ್ಯೋಗಿಯೊಬ್ಬರು ಏಳು ತಿಂಗಳ ಹಿಂದೆಯೇ ಗುರುತಿಸಿ, ತಲೆಬರಹ ಓದುವಂತೆ ಸ್ಕ್ರಿಪ್ಟ್ ತಿದ್ದಿದ್ದರು. ಆ ತಿದ್ದುಪಡಿಯ ನಂತರ ಟೆಸ್ಟ್ ಸೆಟ್‌ನ ಅಂಕ 99.4ರಿಂದ 96.6ಕ್ಕೆ ಇಳಿಯಿತು. ಅಂಕ ಇಳಿದಿದೆ, ಆದ್ದರಿಂದ ತಿದ್ದುಪಡಿ ಕೆಟ್ಟದ್ದು ಎಂದು ತೀರ್ಮಾನಿಸಿ ಅದನ್ನು ಹಿಂದಕ್ಕೆ ತೆಗೆದವನು ನಾನೇ.

ಅಂಕ ಇಳಿದದ್ದು ಏಕೆಂದರೆ ನಮ್ಮ ಸರಿಯುತ್ತರಗಳೇ ತಪ್ಪಾಗಿದ್ದವು. 30 ಪುಟಗಳ ಟೆಸ್ಟ್ ಸೆಟ್ ಮಾಡುವಾಗ 3,600 ಕೋಶಗಳನ್ನು ಕೈಯಿಂದ ಟೈಪ್ ಮಾಡುವ ಬೇಸರಕ್ಕೆ, ಸ್ಕ್ರಿಪ್ಟ್ ಕೊಟ್ಟ ಫಲಿತಾಂಶವನ್ನೇ ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು, ಪಕ್ಕದಲ್ಲಿ ಪಿಡಿಎಫ್ ಇಟ್ಟುಕೊಂಡು, ತಪ್ಪು ಕಂಡಲ್ಲಿ ತಿದ್ದಿ, ಅದನ್ನೇ ಸರಿಯುತ್ತರವೆಂದು ಉಳಿಸಿದ್ದೆವು. ಹೀಗೆ ಓದುವಾಗ ಕಣ್ಣು ಹುಡುಕುವುದು ಅಂಕಿಯನ್ನು: 46,000 ಅಲ್ಲಿದೆಯೇ, ಇದೆ, 47,199 ಇದೆಯೇ, ಇದೆ, ಮುಂದಿನ ಸಾಲು. ಎರಡೂ ಅಂಕಿಗಳು ಪಿಡಿಎಫ್‌ನಲ್ಲಿದ್ದ ಕ್ರಮದಲ್ಲೇ ಇದ್ದುದರಿಂದ, ಮೇಲಿನ ತಲೆಬರಹ ಅದಲುಬದಲಾಗಿದ್ದು ಯಾರಿಗೂ ಕಾಣಲಿಲ್ಲ. ಹೀಗೆ ಸ್ಕ್ರಿಪ್ಟ್‌ನ ತಪ್ಪು ಸರಿಯುತ್ತರದೊಳಗೆ ಹೋಗಿ ಕುಳಿತಿತು. ಅಲ್ಲಿಂದ ಮುಂದೆ ಆ ತಪ್ಪನ್ನು ಉಳಿಸಿಕೊಂಡ ಆವೃತ್ತಿಗೆ ಪೂರ್ಣ ಅಂಕ, ಸರಿಪಡಿಸಿದ ಆವೃತ್ತಿಗೆ ದಂಡ. ಟೆಸ್ಟ್ ಸೆಟ್‌ನಲ್ಲಿ ಆ ಮಾರುಕಟ್ಟೆಗಳದ್ದು ಮೂರು ಪುಟ, 60 ಸಾಲು, ಸಾಲಿಗೆ ಎರಡು ಕೋಶ. ಗರಿಷ್ಠ ಮತ್ತು ಮಾದರಿ ಒಂದೇ ಆಗಿದ್ದ 9 ಸಾಲುಗಳನ್ನು ಬಿಟ್ಟರೆ 102 ಕೋಶಗಳು. ಮೊದಲೇ ಇದ್ದ 22 ತಪ್ಪುಗಳಿಗೆ ಇವು ಸೇರಿದ್ದರಿಂದ ಅಂಕ 96.6ಕ್ಕೆ ಬಂದಿತ್ತು. ಅಂದು ಆ ಮೂರು ಪುಟಗಳನ್ನು ತೆರೆದು ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ನಾನು ಒಟ್ಟು ಅಂಕವನ್ನಷ್ಟೇ ನೋಡಿದೆ.

ಕೋಷ್ಟಕ ತೆಗೆಯಲು ನಾವು ಬಳಸುವ ಕ್ಯಾಮೆಲಾಟ್ ಲೈಬ್ರರಿ ತನ್ನ `parsing_report`ನಲ್ಲಿ `accuracy` ಎಂಬ ಅಂಕಿಯೊಂದನ್ನು ಕೊಡುತ್ತದೆ, ಮತ್ತು ನಮ್ಮ ಪುಟಗಳಿಗೆ ಅದೂ 99ರ ಮೇಲೆಯೇ ಇತ್ತು. ಆ ಅಂಕಿ ಹೇಳುವುದು ಪಠ್ಯವು ತಾನು ಗುರುತಿಸಿದ ಕೋಶಗಳ ಗಡಿಯೊಳಗೆ ಎಷ್ಟು ಚೆನ್ನಾಗಿ ಕುಳಿತಿದೆ ಎಂಬುದನ್ನು ಮಾತ್ರ. ಕೋಶದಲ್ಲಿರುವುದು ಸರಿಯಾದ ಅಂಕಿಯೇ, ಅದಕ್ಕೆ ನಾವಿಟ್ಟ ಹೆಸರು ಸರಿಯೇ ಎಂಬುದು ಅದಕ್ಕೆ ತಿಳಿಯುವಂತಿಲ್ಲ. ಹೆಸರು ನೋಡಿ ನಂಬಿದ್ದು ನಮ್ಮ ತಪ್ಪು.

ಈಗ ಸರಿಯುತ್ತರವನ್ನು ಬೇರೆ ರೀತಿ ಮಾಡುತ್ತೇವೆ. ಇಬ್ಬರು, ಸ್ಕ್ರಿಪ್ಟ್‌ನ ಫಲಿತಾಂಶವನ್ನು ನೋಡದೆ, ಪುಟದ ಮುದ್ರಿತ ಪ್ರತಿಯನ್ನಷ್ಟೇ ಇಟ್ಟುಕೊಂಡು ಬೇರೆ ಬೇರೆಯಾಗಿ ಟೈಪ್ ಮಾಡುತ್ತಾರೆ. ತಲೆಬರಹವನ್ನೂ ಪುಟದಲ್ಲಿರುವಂತೆಯೇ ಬರೆಯುತ್ತಾರೆ. ಒಂದು ಪುಟಕ್ಕೆ ಒಬ್ಬರಿಗೆ ಸುಮಾರು 20 ನಿಮಿಷ, ಅಂದರೆ 30 ಪುಟಕ್ಕೆ ತಲಾ ಹತ್ತು ಗಂಟೆ. ನಂತರ ಎರಡನ್ನೂ ಹೋಲಿಸಿ, ವ್ಯತ್ಯಾಸವಿರುವ ಕೋಶಗಳನ್ನು ಮೂರನೆಯವರು ಮೂಲ ನೋಡಿ ನಿರ್ಧರಿಸುತ್ತಾರೆ. ಮೊದಲ ಸುತ್ತಿನಲ್ಲಿ ಆವಕ ಮತ್ತು ದರಗಳ 2,400 ಕೋಶಗಳಲ್ಲಿ 41 ಕಡೆ ವ್ಯತ್ಯಾಸ ಬಂತು. 29 ಬೆರಳ ತಪ್ಪುಗಳು. ಉಳಿದ 12 ಹೆಚ್ಚು ಉಪಯುಕ್ತವಾಗಿದ್ದವು: ಆವಕದ ಕೋಶದಲ್ಲಿ ಸಣ್ಣ ಗೆರೆ ಇದ್ದರೆ ಒಬ್ಬರು ಖಾಲಿ ಬಿಟ್ಟಿದ್ದರು, ಇನ್ನೊಬ್ಬರು ಸೊನ್ನೆ ಹಾಕಿದ್ದರು. ಮಾಲು ಬಂದಿಲ್ಲ ಎನ್ನುವುದೂ ಮಾಹಿತಿ ಬಂದಿಲ್ಲ ಎನ್ನುವುದೂ ಒಂದೇ ಅಲ್ಲವಾದ್ದರಿಂದ, ಗೆರೆ ಇದ್ದಲ್ಲಿ ಗೆರೆಯನ್ನೇ ಬರೆಯಬೇಕೆಂದು ನಿಯಮದ ಹಾಳೆಯಲ್ಲಿ ಸೇರಿಸಿದೆವು. ಟೈಪ್ ಮಾಡುವ ಮೊದಲು ಸ್ಪ್ರೆಡ್‌ಶೀಟ್‌ನ ಎಲ್ಲ ಕಾಲಂಗಳನ್ನೂ ಪಠ್ಯ ಮಾದರಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ 03/07 ಎಂದು ಬರೆದ ಜುಲೈ 3, ಕಂಪ್ಯೂಟರಿನ ಸೆಟ್ಟಿಂಗ್‌ಗೆ ತಕ್ಕಂತೆ ಸದ್ದಿಲ್ಲದೆ ಮಾರ್ಚ್ 7 ಆಗಿಬಿಡಬಹುದು.

ಸರಿಯುತ್ತರ ಸರಿಯಾದ ಮೇಲೆ ಅಂಕ ಎಣಿಸುವ ಕ್ರಮದಲ್ಲಿ ಇನ್ನೊಮ್ಮೆ ಎಡವುವುದರಲ್ಲಿದ್ದೆವು. ಮೊದಲಿನಿಂದಲೂ ನಾವು ಸ್ಥಾನದಿಂದ ಹೋಲಿಸುತ್ತಿದ್ದೆವು: ಐದನೇ ಸಾಲನ್ನು ಐದನೇ ಸಾಲಿನ ಜೊತೆ. ಇದರಲ್ಲಿ ಪುಟದ ಮೊದಲ ಸಾಲೊಂದು ಬಿಟ್ಟುಹೋದರೆ ಕೆಳಗಿನ ಹತ್ತೊಂಬತ್ತೂ ಒಂದೊಂದು ಮೆಟ್ಟಿಲು ಮೇಲೇರಿ, ಪುಟವಿಡೀ ತಪ್ಪೆಂದು ಬರುತ್ತದೆ. ಇದು ಅನ್ಯಾಯವೆನಿಸಿ, ಪುಟದಲ್ಲಿರುವ ಅಂಕಿಗಳೆಲ್ಲ ಎಲ್ಲಾದರೂ ಸಿಕ್ಕಿದರೆ ಸಾಕು ಎಂದು ಎಣಿಸುವ ಕ್ರಮಕ್ಕೆ ಹೋಗಲು ಹೊರಟೆವು. ಹಾಗೆ ಮಾಡಿದ್ದರೆ ಗರಿಷ್ಠ, ಮಾದರಿ ಅದಲುಬದಲಾದ ಪುಟಕ್ಕೆ ನೂರಕ್ಕೆ ನೂರು ಬರುತ್ತಿತ್ತು, ಏಕೆಂದರೆ ಅಂಕಿಗಳೆಲ್ಲವೂ ಅಲ್ಲೇ ಇವೆ. ಒಂದು ಕ್ರಮ ಸಣ್ಣ ತಪ್ಪನ್ನು ಮಹಾಪರಾಧ ಮಾಡುತ್ತದೆ, ಇನ್ನೊಂದು ಮಹಾಪರಾಧವನ್ನು ಕಾಣುವುದೇ ಇಲ್ಲ.

ಕೊನೆಗೆ ಸಾಲನ್ನು ಅದರ ಸ್ಥಾನದಿಂದಲ್ಲ, ಮಾರುಕಟ್ಟೆ ಮತ್ತು ಬಗೆಯ ಜೋಡಿಯಿಂದ ಗುರುತಿಸಿ, ಕಾಲಂ ಹೆಸರಿನ ಕೆಳಗಿನ ನಾಲ್ಕು ಅಂಕಿಗಳನ್ನು ಮಾತ್ರ ಎಣಿಸಲು ನಿರ್ಧರಿಸಿದೆವು.

```python
def score(truth, got):
    ok = total = 0
    for key, row in truth.items():
        for col, val in row.items():
            total += 1
            cell = got.get(key, {}).get(col)
            if cell is not None and norm(cell) == norm(val):
                ok += 1
    return ok, total
```

`norm` ಅಲ್ಪವಿರಾಮ ಮತ್ತು ಖಾಲಿ ಜಾಗಗಳನ್ನು ತೆಗೆಯುತ್ತದೆ, ಬೇರೇನನ್ನೂ ಮುಟ್ಟುವುದಿಲ್ಲ. `None` ತಪಾಸಣೆ ಅಲ್ಲಿರುವುದಕ್ಕೆ ಕಾರಣವಿದೆ: ಮೊದಲು ಸಿಗದ ಕೋಶವನ್ನು ಖಾಲಿ ಎಂದು ತೆಗೆದುಕೊಳ್ಳುತ್ತಿದ್ದೆವು, ಆದ್ದರಿಂದ ಸಾಲೇ ಬಿಟ್ಟುಹೋದರೂ ಅದರೊಳಗಿನ ಖಾಲಿ ಕೋಶಗಳಿಗೆ ಅಂಕ ಸಿಗುತ್ತಿತ್ತು. ಈ ಎಣಿಕೆಯಲ್ಲಿ 20 ಸಾಲಿನ ಪುಟದಿಂದ ಒಂದು ಸಾಲು ಹೋದರೆ 80ರಲ್ಲಿ 76, ಅಂದರೆ ಶೇ. 95. ಅದೇ ಪುಟದಲ್ಲಿ ಎರಡು ಕಾಲಂ ಅದಲುಬದಲಾದರೆ, ಮೂರು ಸಾಲುಗಳಲ್ಲಿ ಎರಡೂ ದರ ಒಂದೇ ಇದೆ ಎಂದಿಟ್ಟುಕೊಂಡರೂ, 34 ತಪ್ಪಾಗಿ ಶೇ. 57.5ಕ್ಕೆ ಇಳಿಯುತ್ತದೆ. ಇಲ್ಲದ ಸಾಲನ್ನು ಸ್ಕ್ರಿಪ್ಟ್ ಹುಟ್ಟಿಸಿದರೆ ಇದು ಹಿಡಿಯುವುದಿಲ್ಲ. ಅದಕ್ಕಾಗಿ `got`ನಲ್ಲಿ ಮಾತ್ರ ಇರುವ ಸಾಲುಗಳನ್ನು ಬೇರೆಯಾಗಿ ಎಣಿಸುತ್ತೇವೆ.

ಇನ್ನು, 2,400 ಕೋಶಗಳಿವೆ ಎಂದು ಧೈರ್ಯ ತಂದುಕೊಳ್ಳಬೇಡಿ. ತಪ್ಪುಗಳು ಪುಟದ ಮೇಲೆ ಗುಂಪಾಗಿ ಬರುತ್ತವೆ. ನಿಜವಾದ ಸ್ಯಾಂಪಲ್‌ನ ಗಾತ್ರ 30 ಪುಟಕ್ಕೆ ಹತ್ತಿರ. ಯಾದೃಚ್ಛಿಕವಾಗಿ ಆರಿಸಿದ 30 ಪುಟಗಳಲ್ಲಿ ಒಂದೂ ಕೆಡದಿದ್ದರೂ, ಶೇ. 95 ವಿಶ್ವಾಸದಲ್ಲಿ ಹೇಳಬಹುದಾದದ್ದು ಕೆಡುವ ಪುಟಗಳ ಪ್ರಮಾಣ ಶೇ. 10ಕ್ಕಿಂತ ಹೆಚ್ಚಿರಲಿಕ್ಕಿಲ್ಲ ಎಂದಷ್ಟೇ (3ನ್ನು ಪುಟಗಳ ಸಂಖ್ಯೆಯಿಂದ ಭಾಗಿಸುವ ಸ್ಥೂಲ ಲೆಕ್ಕ). ಆದ್ದರಿಂದ ಕೋಶದ ಅಂಕದ ಪಕ್ಕದಲ್ಲಿ, ಒಂದೂ ತಪ್ಪಿಲ್ಲದ ಪುಟಗಳೆಷ್ಟು ಎಂಬುದನ್ನೂ ಬರೆಯುತ್ತೇವೆ.

ಕಾಲ ಕಳೆದಂತೆ ಅಳೆಯುವುದರಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗುತ್ತವೆ: ಸ್ಕ್ರಿಪ್ಟ್ ಬದಲಾಯಿತೇ, ಬರುವ ಪಿಡಿಎಫ್ ಬದಲಾಯಿತೇ. ಸ್ಥಿರವಾದ 30 ಪುಟಗಳು ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ; ನಾಳೆ ಯಾವುದೋ ಮಾರುಕಟ್ಟೆ ತನ್ನ ಪಟ್ಟಿಯ ವಿನ್ಯಾಸ ಬದಲಿಸಿದರೆ ಅವುಗಳ ಅಂಕ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಎರಡನೆಯದಕ್ಕಾಗಿ ತಿಂಗಳಿಗೆ ಐದು ಹೊಸ ಪುಟಗಳನ್ನು ಚೀಟಿ ಎತ್ತಿದಂತೆ ಆರಿಸಿ, ಇಬ್ಬರು ಟೈಪ್ ಮಾಡಿ, ಅದರ ಅಂಕವನ್ನು ಪ್ರತ್ಯೇಕ ಕಾಲಂನಲ್ಲಿ ಇಡುತ್ತೇವೆ. ಇವೆರಡರ ಸರಾಸರಿ ತೆಗೆಯುವುದಿಲ್ಲ. ಪ್ರತಿ ಓಟದ ಸಾಲಿನಲ್ಲಿ ಸ್ಕ್ರಿಪ್ಟ್‌ನ ಕಮಿಟ್, ಲೈಬ್ರರಿಗಳ ಆವೃತ್ತಿ, ಸರಿಯುತ್ತರದ ಆವೃತ್ತಿ ಮೂರೂ ಇರುತ್ತವೆ. ಸರಿಯುತ್ತರದಲ್ಲಿ ಒಂದೇ ಕೋಶ ತಿದ್ದಿದರೂ ಅದರ ಆವೃತ್ತಿ ಸಂಖ್ಯೆ ಏರುತ್ತದೆ, ಮತ್ತು ಹಳೆಯ ಓಟಗಳ ಫಲಿತಾಂಶಗಳನ್ನು ಹೊಸ ಸರಿಯುತ್ತರದೊಂದಿಗೆ ಮತ್ತೆ ಹೋಲಿಸುತ್ತೇವೆ. ಇದಕ್ಕಾಗಿಯೇ ಅಂಕವನ್ನಷ್ಟೇ ಅಲ್ಲದೆ, ಪ್ರತಿ ಓಟದ ಸಿಎಸ್‌ವಿ ಕಡತಗಳನ್ನೂ ಇಟ್ಟುಕೊಳ್ಳಬೇಕು.

ನಾವು ಅವನ್ನು ಇಟ್ಟುಕೊಂಡಿದ್ದರಿಂದಲೇ ಹಳೆಯ ಲೆಕ್ಕ ತಿಳಿಯಿತು. ಶೇ. 99.4 ಎಂದು ನಂಬಿದ್ದ ಅದೇ ಓಟವನ್ನು ಅದೇ 30 ಪುಟಗಳ ಹೊಸ ಸರಿಯುತ್ತರದೊಂದಿಗೆ ಹೋಲಿಸಿದಾಗ ತಪ್ಪುಗಳು 135, ಅಂಕ ಶೇ. 94.4, ಒಂದೂ ತಪ್ಪಿಲ್ಲದ ಪುಟಗಳು 30ರಲ್ಲಿ 19. ನಾನು ತೆಗೆದುಹಾಕಿದ್ದ ತಿದ್ದುಪಡಿಯನ್ನು ಮರಳಿ ಸೇರಿಸಿ ಓಡಿಸಿದಾಗ ಅದು 98.6ಕ್ಕೆ ಏರಿತು. ಕನಿಷ್ಠ, ಮಾದರಿ, ಗರಿಷ್ಠ ಏರಿಕೆಯ ಕ್ರಮದಲ್ಲಿಲ್ಲದ ಸಾಲನ್ನು ಪ್ರಕಟಿಸದೆ ತಡೆಹಿಡಿಯುವ ತಪಾಸಣೆಯನ್ನೂ ಅಂದೇ ಸೇರಿಸಿದೆವು. ಒಂದೇ ಸಾಲಿನ ಕೋಡ್ ಅದು.