ಪಾತ್ರೆ ತೊಳೆಯುವ ಲಿಕ್ವಿಡ್, ಎರಡು ವರ್ಷದ ಬಳಕೆ: ದಿಂಬಿಗೆ 5ಕ್ಕೆ 5, ಗೋಡೆಗೆ 1

ನಾನು ಇದನ್ನು ತಂದಿದ್ದು ಪಾತ್ರೆಗಲ್ಲ, ಎಣ್ಣೆ ಕಲೆಗೆ. ನಮ್ಮತ್ತೆ ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದೆ ಮಲಗುವವರಲ್ಲ. ದಿಂಬಿನ ಕವರ್, ಮಂಚದ ಹೆಡ್‌ಬೋರ್ಡ್, ಅದರ ಹಿಂದಿನ ಗೋಡೆ, ಮೂರಕ್ಕೂ ಎಣ್ಣೆ ಹತ್ತಿತ್ತು.

ಮೊದಲ ಚಳಿಗಾಲ ಏನೂ ಕೆಲಸ ಮಾಡಲಿಲ್ಲ, ಲಿಕ್ವಿಡ್‌ನ ಬೈದುಕೊಂಡೆ. ತಪ್ಪು ನನ್ನದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ನಮ್ಮ ಚಿಕ್ಕಮಗಳೂರಿನ ಡಿಸೆಂಬರ್‌ನಲ್ಲಿ ಬಾಟಲಿಯಲ್ಲೇ ಕಲ್ಲಾಗಿರುತ್ತದೆ ಅಲ್ವಾ, ಬಟ್ಟೆಯ ನೂಲಿನೊಳಗೂ ಹಾಗೇ. ತಣ್ಣೀರಲ್ಲಿ ಎಷ್ಟು ಉಜ್ಜಿದರೂ ಸುಮ್ನೆ ಕೈನೋವು.

ಈಗ ಮಾಡುವುದು ಹೀಗೆ. ಕವರ್ ಒಣಗಿರುವಾಗಲೇ ಕಲೆ ಮೇಲೆ ಲಿಕ್ವಿಡ್ ಹಾಕಿ ಬೆರಳಲ್ಲಿ ತಿಕ್ಕುತ್ತೇನೆ. ಮೊದಲೇ ನೆನೆಸಿದರೆ ಲಿಕ್ವಿಡ್ ನೀರಾಗಿ ಎಣ್ಣೆಗೆ ಸರಿಯಾಗಿ ತಾಗುವುದಿಲ್ಲ. ಅರ್ಧ ಗಂಟೆ ಬಿಟ್ಟು, ಕೈ ತಡೆಯುವಷ್ಟು ಬಿಸಿ ನೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ, ಕಲೆಯಿದ್ದ ಜಾಗಕ್ಕೆ ಒಂದು ಹನಿ ನೀರು ಬಿಡುತ್ತೇನೆ. ಹೀರಿದರೆ ಎಣ್ಣೆ ಹೋಗಿದೆ. ಮುತ್ತಿನ ಹಾಗೆ ನಿಂತರೆ ಇನ್ನೂ ಇದೆ, ಮತ್ತೆ ಒಗೆಯಬೇಕು, ಅಲ್ಲಿಯವರೆಗೆ ಇಸ್ತ್ರಿ ಮಾಡಬೇಡಿ. ಕಾಟನ್ ಕವರ್‌ಗಳಲ್ಲಿ ಎರಡನೇ ಸಲಕ್ಕೆ ಹೋಗದ ಕಲೆ ನಾನು ನೋಡಿಲ್ಲ.

ಹೆಡ್‌ಬೋರ್ಡ್‌ಗೆ ಬಟ್ಟೆ ಹೊದಿಸಿದೆ, ಒಳಗೆ ಸ್ಪಂಜು. ಅದನ್ನು ನೆನೆಸುವ ಹಾಗಿಲ್ಲ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಹಳೇ ಕಾಟನ್ ಬಟ್ಟೆ ಒತ್ತಿದರೆ ಸುಮಾರು ಎಣ್ಣೆ ಅದಕ್ಕೇ ಬರುತ್ತದೆ. ಆಮೇಲೆ ಲಿಕ್ವಿಡ್‌ನ ನೊರೆ ಮಾತ್ರ ಹಚ್ಚಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು. ಕಲೆಯಷ್ಟೇ ಒರೆಸಿದರೆ ಒಣಗಿದ ಮೇಲೆ ಅದರ ಸುತ್ತ ಉಂಗುರ ಬೀಳುತ್ತದೆ, ನನಗೆ ಬಿದ್ದಿತ್ತು. ಹಾಗಾಗಿ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆವರೆಗೂ ಒರೆಸಿ. 4 ಸ್ಟಾರ್.

ಗೋಡೆ ಹತ್ತಿರ ಲಿಕ್ವಿಡ್ ಸೋತಿತು. ನಮ್ಮದು ಎಮಲ್ಷನ್ ಬಣ್ಣ. ಒಂದು ಲೀಟರ್ ಬೆಚ್ಚನೆ ನೀರಿಗೆ ಒಂದು ಚಮಚ ಹಾಕಿ ಮೆಲ್ಲಗೆ ಒರೆಸಿದಾಗ ಮೇಲಿನ ಜಿಡ್ಡು ಹೋಯಿತು, ಕಪ್ಪು ಮಚ್ಚೆ ಹಾಗೇ ಉಳಿಯಿತು. ಎಣ್ಣೆಯು ಬಣ್ಣವನ್ನು ದಾಟಿ ಪುಟ್ಟಿಗೆ ಇಳಿದಿತ್ತು, ಅಷ್ಟು ಒಳಗೆ ಸೋಪು ಮುಟ್ಟುವುದಿಲ್ಲ. ನಿಮ್ಮದು ಡಿಸ್ಟೆಂಪರ್ ಆದರೆ ಇಷ್ಟೂ ಮಾಡಬೇಡಿ, ಬಣ್ಣವೇ ಬಟ್ಟೆಗೆ ಬರುತ್ತದೆ.

ಪೇಂಟರ್ ಕರೆಸಿ ಮಚ್ಚೆ ಮೇಲೆ ಎರಡು ಕೋಟ್ ಎಮಲ್ಷನ್ ಹೊಡೆಸಿದೆವು. ಮೂರು ತಿಂಗಳಿಗೆ ಅದೇ ಮಚ್ಚೆ ವಾಪಸ್! ನೀರಿನ ಬಣ್ಣ ಎಣ್ಣೆಯನ್ನು ತಡೆಯುವುದಿಲ್ಲ. ಎರಡನೇ ಸಲ ಜಿಡ್ಡು ತೆಗೆದು, ಎಣ್ಣೆ ನೆನೆದ ಪುಟ್ಟಿ ಕೆರೆದು ಹೊಸದು ತುಂಬಿ, ಆಯಿಲ್ ಪ್ರೈಮರ್ ಹೊಡೆದು ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಬಣ್ಣ. ಒಂದು ವರ್ಷವಾಯಿತು, ಮಚ್ಚೆ ಬಂದಿಲ್ಲ. ಮಂಚವನ್ನೂ ಒಂದು ಗೇಣು ಮುಂದಕ್ಕೆ ಎಳೆದಿದ್ದೇವೆ. ಅತ್ತೆಯ ಎಣ್ಣೆ ಮಾತ್ರ ಹಾಗೇ ನಡೆದಿದೆ.